ಗೃಹಪ್ರವೇಶದ ಊಟ: ಕೇಟರಿಂಗ್‌ನವರಿಗೆ ಅಡ್ವಾನ್ಸ್ ಕೊಡೋ ಮುಂಚೆ ಮೂರು ಕೆಲಸ ಮುಗಿಸಿ

ಕೊಡಿಗೇಹಳ್ಳಿ: ಗೃಹಪ್ರವೇಶದ ದಿನ ಮನೆಯವರ ಗಡಿಯಾರ ಬೆಳಗಿನ ಜಾವ ಮೂರೂವರೆಗೇ ಶುರುವಾಗುತ್ತೆ. ಬಾಗಿಲು ಪೂಜೆ, ಹಾಲು ಉಕ್ಕಿಸೋದು, ಗಣಹೋಮ, ವಾಸ್ತು ಹೋಮ ಮುಗಿಯೋ ಹೊತ್ತಿಗೆ ಎಂಟು ಗಂಟೆ, ಆಗ ತಿಂಡಿ. ಸತ್ಯನಾರಾಯಣ ಪೂಜೆಗೆ ಮಂಗಳಾರತಿ ಆಗಿ ಎಲೆ ಹಾಕೋದು ಹನ್ನೆರಡೂವರೆಗೆ. ಕೊನೆ ಪಂಕ್ತಿ ಏಳುವಾಗ ಮೂರು ಗಂಟೆ ದಾಟಿರುತ್ತೆ.

ಅಡಿಗೆಯವರ ಗಡಿಯಾರ ಬೇರೆ. ಮದುವೆ, ಗೃಹಪ್ರವೇಶದ ಸೀಸನ್‌ನಲ್ಲಿ ಒಂದೇ ದಿನ ನಾಲ್ಕೈದು ಕಡೆ ಆರ್ಡರ್ ಹಿಡಿದಿರೋ ಕೇಟರಿಂಗ್‌ನವರು ರಾತ್ರಿ ಎರಡು ಗಂಟೆಗೇ ಒಲೆ ಹಚ್ಚಿ, ಐದಕ್ಕೆಲ್ಲಾ ಅನ್ನ, ಹುಳಿ, ಪಲ್ಯ ಮುಗಿಸಿ ಟೆಂಪೋಗೆ ಏರಿಸಿಬಿಡ್ತಾರೆ. ಐದು ಗಂಟೆಗೆ ಇಳಿಸಿದ ಅನ್ನ ಮೂರು ಗಂಟೆಗೆ ಯಾರದ್ದೋ ಎಲೆ ಮೇಲೆ ಬಿದ್ದರೆ ನಡುವೆ ಹತ್ತು ಗಂಟೆ ಕಳೆದಿರುತ್ತೆ. ಸಮಾರಂಭದ ಊಟ ಕೆಡೋದು, ಜನ ಹುಷಾರು ತಪ್ಪೋದು ಬಹುತೇಕ ಈ ಹತ್ತು ಗಂಟೆಯೊಳಗೆ. ಹಾಗಾಗಿ ಕೇಟರಿಂಗ್‌ನವರನ್ನ ಆರಿಸುವಾಗ ‘ಎಲೆಗೆ ಎಷ್ಟು’ ಅನ್ನೋದಕ್ಕಿಂತ ಮೊದಲು ಕೇಳಬೇಕಾದ್ದು ‘ಎಲ್ಲಿ ಮಾಡ್ತೀರಾ, ಎಷ್ಟು ಹೊತ್ತಿಗೆ ಮಾಡ್ತೀರಾ’ ಅಂತ. ರುಚಿ ನೋಡೋದು, ಅಡಿಗೆಮನೆ ನೋಡೋದು, ಬರೆದು ಸಹಿ ಹಾಕಿಸೋದು ಮೂರೂ ಇದೇ ಪ್ರಶ್ನೆಯ ಸುತ್ತ ನಡೆಯಬೇಕು.

ರುಚಿ: ಬಿಸಿಯಲ್ಲಿ ಎಲ್ಲವೂ ಚೆನ್ನ

ಕೊಡಿಗೇಹಳ್ಳಿ, ತಿಂಡ್ಲು, ವಿರೂಪಾಕ್ಷಪುರ, ಸಹಕಾರನಗರದ ಕಡೆ ಈಗ ಬಹಳಷ್ಟು ಕೇಟರಿಂಗ್‌ನವರು ಕೇಳಿದರೆ ರುಚಿ ನೋಡೋಕೆ ಕರೀತಾರೆ. ಹೋದವರಿಗೆ ಬಿಸಿ ಬಿಸಿ ಜಾಮೂನು, ಒಂದು ಪಲಾವ್, ಅವರ ಕೈಗೆ ಚೆನ್ನಾಗಿ ಪಳಗಿದ ಒಂದೆರಡು ಐಟಂ ಬಡಿಸಿ ಕಳಿಸ್ತಾರೆ. ತಿಂದು ಬಂದವರು ‘ಸೂಪರ್ ಆಗಿತ್ತು’ ಅಂತಾರೆ. ಅದರಿಂದ ಏನೂ ತಿಳಿಯಲ್ಲ. ಆರು ಜನಕ್ಕೆ ಮಾಡಿದ ಅಡಿಗೆ ಒಲೆಯಿಂದ ಇಳಿದ ಹತ್ತು ನಿಮಿಷಕ್ಕೆ ಚೆನ್ನಾಗಿರದೆ ಇನ್ನೇನು!

ರುಚಿಗೆ ಕರೆದಾಗ ಐಟಂ ನಿಮ್ಮದಿರಲಿ. ನಿಮ್ಮ ಮೆನುವಿನಿಂದಲೇ ಐದಾರು ಸಾಕು: ಅನ್ನ, ತಿಳಿಸಾರು, ತರಕಾರಿ ಹುಳಿ, ತೆಂಗಿನಕಾಯಿ ಹಾಕಿದ ಒಂದು ಪಲ್ಯ, ಹೋಳಿಗೆ, ಪಾಯಸ. ಜೊತೆಗೆ ಮನೆಯಿಂದ ಮೂರು ನಾಲ್ಕು ಸ್ಟೀಲ್ ಡಬ್ಬಿ ಒಯ್ಯಿರಿ. ಅರ್ಧ ಅಲ್ಲೇ ತಿನ್ನಿ, ಇನ್ನರ್ಧ ತಂದು ಮುಚ್ಚಿಟ್ಟು ನಾಲ್ಕು ಗಂಟೆ ಬಿಟ್ಟು ತೆಗೆದು ನೋಡಿ. ನಿಮ್ಮ ಕೊನೆ ಪಂಕ್ತಿಯವರ ಎಲೆಗೆ ಬರೋದು ಹೆಚ್ಚು ಕಮ್ಮಿ ಈ ಡಬ್ಬಿಯಲ್ಲಿರೋ ಊಟವೇ. ಇದು ನೋಡೋಕೆ, ಮೂಸೋಕೆ ಮಾತ್ರ. ಹೊರಗಿಟ್ಟ ಅನ್ನ, ಪಲ್ಯ ಮತ್ತೆ ತಿನ್ನೋದು ಬೇಡ. ಹೋಳಿಗೆಯನ್ನ ಧಾರಾಳವಾಗಿ ತಿಂದು ನೋಡಬಹುದು.

ಡಬ್ಬಿ ತೆಗೆದಾಗ ಕಾಣೋದು ಇಷ್ಟು. ಹೋಳಿಗೆ ಚರ್ಮದ ಹಾಗೆ ಎಳೆಯೋಕೆ ಬಂದರೆ ಕಣಕ ಸರಿಯಾಗಿ ನೆನೆದಿಲ್ಲ ಅಥವಾ ಎಣ್ಣೆ ಉಳಿಸಿದ್ದಾರೆ ಅಂತ ಅರ್ಥ. ಒಳ್ಳೆ ಹೋಳಿಗೆ ಆರಿದ ಮೇಲೂ ಮಡಚಿದರೆ ಮಡಚುತ್ತೆ, ಹೂರಣ ಅಂಚಿನ ತನಕ ಇರುತ್ತೆ. ಶಾವಿಗೆ ಪಾಯಸ ಹಾಲೆಲ್ಲಾ ಕುಡಿದು ಮುದ್ದೆಯಾಗಿದ್ದರೆ ಆ ದಿನ ಬಡಿಸೋ ಮುಂಚೆ ಸೇರಿಸೋಕೆ ಕಾಯಿಸಿದ ಹಾಲು ಬೇರೆ ಇಡ್ತಾರಾ ಅಂತ ಕೇಳಿ. ‘ನೀರು ಸೇರಿಸ್ತೀವಿ’ ಅನ್ನೋರ ಪಾಯಸ ಬೇಡ, ಬೇರೆ ಸಿಹಿ ನೋಡಿ. ಪಲ್ಯದಲ್ಲಿ ಮೊದಲು ಹುಳಿಯೋದು ಕಾಯಿತುರಿ. ನಾಲ್ಕು ಗಂಟೆಗೇ ವಾಸನೆ ತಿರುಗಿದ್ದರೆ ಕಾಯಿ ಹಿಂದಿನ ದಿನವೇ ತುರಿದಿಟ್ಟದ್ದು ಇರಬಹುದು. ತಿಳಿಸಾರು ಆರಿದ ಮೇಲೆ ಮೇಲೆ ತಿಳಿ, ಕೆಳಗೆ ಬೇಳೆ ಕಟ್ಟು ಇದ್ದರೆ ಸರಿ; ಕೆಳಗೆ ಪುಡಿ ಮಾತ್ರ ಕೂತಿದ್ದರೆ ಬೇಳೆ ಕಡಿಮೆ, ಪೌಡರ್ ಜಾಸ್ತಿ.

ಇನ್ನೂ ಒಳ್ಳೆ ದಾರಿ ಒಂದಿದೆ. ಅದೇ ಕೇಟರಿಂಗ್‌ನವರು ಹತ್ತಿರದಲ್ಲೆಲ್ಲೋ ಮಾಡ್ತಿರೋ ಬೇರೆ ಸಮಾರಂಭಕ್ಕೆ, ಆ ಮನೆಯವರ ಒಪ್ಪಿಗೆ ಪಡೆದು ಹೋಗೋದು. ಹೋಗೋದಾದರೆ ಮೊದಲನೇ ಪಂಕ್ತಿಗೆ ಬೇಡ, ಮೂರನೇ ಪಂಕ್ತಿ ಹೊತ್ತಿಗೆ ಹೋಗಿ. ಅನ್ನದಿಂದ ಹಬೆ ಏಳ್ತಿದೆಯಾ, ಹುಳಿ ಬಕೆಟ್ ಮುಟ್ಟಿದರೆ ಬಿಸಿ ಇದೆಯಾ, ಕೋಸಂಬರಿ ನೀರು ಬಿಟ್ಟಿದೆಯಾ, ಮೊದಲನೇ ಪಂಕ್ತಿಗೆ ಬಡಿಸಿದ ಐಟಂ ಎಲ್ಲಾ ಇದಕ್ಕೂ ಬಂತಾ ಅಂತ ನೋಡಿ. ಕೋಸಂಬರಿಗೆ ಉಪ್ಪು ಬಡಿಸೋ ಹೊತ್ತಿಗೆ ಕಲಸೋ ಭಟ್ಟರು ಸಿಕ್ಕರೆ ಮಿಕ್ಕ ಕೆಲಸವನ್ನೂ ನಂಬಬಹುದು.

ರುಚಿ ಮುಗಿದ ಮೇಲೆ ಒಂದು ಮಾತು ಮರೀಬೇಡಿ: ‘ಇವತ್ತು ಅಡಿಗೆ ಮಾಡಿದ್ದು ಯಾರು? ನಮ್ಮ ದಿನಕ್ಕೂ ಅವರೇ ಬರ್ತಾರಾ?’ ವೈಶಾಖ, ಮಾಘದಂಥ ಮುಹೂರ್ತದ ತಿಂಗಳಲ್ಲಿ ಆರ್ಡರ್ ಒಬ್ಬರು ಹಿಡಿದು ಕೆಲಸ ಇನ್ನೊಬ್ಬರಿಗೆ ದಾಟಿಸೋದು ಸಾಮಾನ್ಯ. ರುಚಿ ತೋರಿಸಿದ ಕೈ ಒಂದು, ಬಂದ ಕೈ ಇನ್ನೊಂದು ಆದರೆ ನೋಡಿದ್ದೆಲ್ಲಾ ವ್ಯರ್ಥ.

ಅಡಿಗೆಮನೆ: ಹಗಲಲ್ಲಿ ಬೇಡ, ರಾತ್ರಿ ನೋಡಿ

ಮೊದಲು ಕಾಗದ. ಕೇಟರಿಂಗ್ ಮಾಡೋರಿಗೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಪ್ರಕಾರ ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಲೈಸೆನ್ಸ್ ಇರಲೇಬೇಕು. ಅದು 14 ಅಂಕಿಯ ನಂಬರ್. 1ರಿಂದ ಶುರುವಾದರೆ ಲೈಸೆನ್ಸ್, 2ರಿಂದ ಶುರುವಾದರೆ ಸಣ್ಣ ವಹಿವಾಟಿನವರ ನೋಂದಣಿ. 2022ರ ಜನವರಿಯಿಂದ ಈ ನಂಬರ್ ಬಿಲ್ ಮೇಲೂ ಇರಬೇಕು. foscos.fssai.gov.in ತಾಣದಲ್ಲಿ ನಂಬರ್ ಹಾಕಿ ನೋಡಿದರೆ ಯಾರ ಹೆಸರಲ್ಲಿದೆ, ಯಾವ ವಿಳಾಸಕ್ಕಿದೆ, ಚಾಲ್ತಿಯಲ್ಲಿದೆಯಾ ಅಂತ ಬರುತ್ತೆ. ಇಲ್ಲಿ ನೋಡಬೇಕಾದ್ದು ವಿಳಾಸ. ಲೈಸೆನ್ಸ್ ಮುಖ್ಯರಸ್ತೆಯ ಆಫೀಸಿಗೆ ಇದ್ದು ಅಡಿಗೆ ಆಗೋದು ಇನ್ನೆಲ್ಲೋ ಶೆಡ್‌ನಲ್ಲಿ ಅಂದ್ರೆ ಆ ಕಾಗದ ಆ ಶೆಡ್ ಬಗ್ಗೆ ಏನೂ ಹೇಳಲ್ಲ. ಕಾಗದ ಸರಿಯಿದ್ದ ಮಾತ್ರಕ್ಕೆ ಅಡಿಗೆಮನೆ ಚೊಕ್ಕಟ ಅಂತಲೂ ಅಲ್ಲ. ಹೋಗಿ ನೋಡಲೇಬೇಕು.

ಹೋಗೋದಕ್ಕೆ ಸರಿಯಾದ ಹೊತ್ತು ಮಾರನೇ ದಿನ ಅವರಿಗೆ ಆರ್ಡರ್ ಇರೋ ರಾತ್ರಿ ಒಂಬತ್ತು, ಹತ್ತು ಗಂಟೆ. ತರಕಾರಿ ಹೆಚ್ಚೋದು, ಕಾಯಿ ತುರಿಯೋದು, ಹೂರಣ ರುಬ್ಬೋದು ಆಗ ನಡೀತಿರುತ್ತೆ. ‘ಸಾರ್, ಹಗಲು ಬನ್ನಿ, ಕ್ಲೀನ್ ಮಾಡಿಸಿ ಇಟ್ಟಿರ್ತೀವಿ’ ಅಂದರೆ ಆ ಮಾತಲ್ಲೇ ಉತ್ತರ ಇದೆ.

ಒಳಗೆ ಹೋದ ಮೇಲೆ ನೆಲದ ಒದ್ದೆ ನೋಡಿ ಹೆದರಬೇಡಿ, ಕೆಲಸ ಮಾಡೋ ಅಡಿಗೆಮನೆ ಒದ್ದೆ ಇದ್ದೇ ಇರುತ್ತೆ. ಕೈ ತೊಳೆಯೋ ನಲ್ಲಿ ಹತ್ತಿರ ಸೋಪು ಇದೆಯಾ, ಅದು ಒದ್ದೆ ಇದೆಯಾ ಅಂತ ನೋಡಿ. ಒಣಗಿ ಬಿರುಕು ಬಿಟ್ಟ ಸೋಪು ತೋರಿಸೋಕೆ ಇಟ್ಟದ್ದು. ಹೆಚ್ಚಿದ ತರಕಾರಿ ನೆಲದ ಮೇಲಿನ ಗೋಣಿಚೀಲದಲ್ಲಿದೆಯಾ, ಮೇಲೆತ್ತಿ ಮುಚ್ಚಿಟ್ಟಿದ್ದಾರಾ? ನೀರು ಎಲ್ಲಿಂದ ಬರುತ್ತೆ, ಬೋರ್ ನೀರೋ, ಟ್ಯಾಂಕರ್ ನೀರೋ? ಕುಡಿಯೋದಕ್ಕೆ, ಮಜ್ಜಿಗೆಗೆ, ಕೋಸಂಬರಿ ಬೇಳೆ ತೊಳೆಯೋದಕ್ಕೆ ಬೇರೆ ನೀರು ಇದೆಯಾ? ಕುದಿಯದ ಐಟಂಗೆ ಹೋಗೋ ನೀರೇ ಅಪಾಯದ್ದು. ಕೆಲಸದವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಮಾಡಿಸಿ ಪ್ರಮಾಣಪತ್ರ ಇಟ್ಟಿರಬೇಕು ಅಂತ ನಿಯಮ ಇದೆ. ಕೇಳಿದರೆ ತೋರಿಸೋರು ಕಮ್ಮಿ, ತೋರಿಸಿದವರನ್ನ ಗುರುತಿಟ್ಟುಕೊಳ್ಳಿ.

ಹಿತ್ತಾಳೆ ಕೊಪ್ಪರಿಗೆ ಇದ್ದರೆ ಒಳಗೆ ಇಣುಕಿ. ಬೆಳ್ಳಗೆ ಕಲಾಯಿ ಇರಬೇಕು. ಕಲಾಯಿ ಹೋಗಿ ಹಳದಿ ಕಾಣ್ತಿರೋ ಪಾತ್ರೆಯಲ್ಲಿ ಹುಣಸೆಹಣ್ಣಿನ ಸಾರು, ಹುಳಿ ಕುದಿಸಿದರೆ ತಾಮ್ರದ ಅಂಶ ಊಟಕ್ಕೆ ಇಳಿಯುತ್ತೆ, ವಾಂತಿ ಆಗುತ್ತೆ. ಬಾಣಲೆಯ ಎಣ್ಣೆ ಕಪ್ಪಗಿದ್ದು ಕಾಯಿಸಿದಾಗ ನೊರೆ ನಿಲ್ಲುತ್ತಿದ್ದರೆ ಹಿಂದಿನ ಸಮಾರಂಭದ ಬೋಂಡಾ, ಹಪ್ಪಳ ಎಲ್ಲಾ ಅದರಲ್ಲೇ ಈಜಿದೆ ಅಂತ ತಿಳೀರಿ.

ಬೆಳಗಿನ ತಿಂಡಿಗೆ ಇಡ್ಲಿ ಇದ್ದರೆ ತಟ್ಟೆಗೆ ಏನು ಹಾಸ್ತಾರೆ ಅಂತ ಕೇಳಿ. 2025ರ ಫೆಬ್ರವರಿಯಲ್ಲಿ ರಾಜ್ಯದ ಆಹಾರ ಸುರಕ್ಷತಾ ಅಧಿಕಾರಿಗಳು ಇಡ್ಲಿ ಮಾದರಿ ಪರೀಕ್ಷೆ ಮಾಡಿಸಿದಾಗ ಹಲವು ಕಡೆ ಬಟ್ಟೆ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸೋದು ಗೊತ್ತಾಗಿತ್ತು. ಬಟ್ಟೆ ಅಥವಾ ಬಾಳೆಎಲೆ ಅಂತಲೇ ಹೇಳಿ. ಗೋಬಿ ಮಂಚೂರಿ ಬೇಕು ಅಂತ ಹುಡುಗರು ಹಟ ಮಾಡಿದ್ದರೆ, 2024ರ ಮಾರ್ಚ್‌ನಿಂದ ರಾಜ್ಯದಲ್ಲಿ ಅದಕ್ಕೆ ಕೃತಕ ಬಣ್ಣ ಹಾಕೋದು ನಿಷೇಧ. ಅದೇ ವರ್ಷದ ಜೂನ್‌ನಲ್ಲಿ ಕಬಾಬ್‌ಗೂ ನಿಷೇಧ ಬಂತು. ಮಾರನೇ ದಿನ ಬಾಡೂಟ ಇಟ್ಟುಕೊಂಡಿರೋ ಮನೆಯವರಿಗೆ ಈ ಎರಡನೇದು ಮುಖ್ಯ.

ಅನ್ನದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಣ ಇರುತ್ತೆ. ಅನ್ನ ಕುದ್ದರೂ ಅದು ಸಾಯಲ್ಲ. ಅನ್ನ ಬಿಸಿಯಾಗಿರೋ ತನಕ ಸುಮ್ಮನಿರುತ್ತೆ; ಉಗುರುಬೆಚ್ಚಗೆ ಆಗಿ ಗಂಟೆಗಟ್ಟಲೆ ಮುಚ್ಚಿಟ್ಟರೆ ಮೊಳೆತು ಹೆಚ್ಚಿ ವಿಷ ಬಿಡುತ್ತೆ. ವಾಂತಿ ತರಿಸೋ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗಲ್ಲ. ಊಟ ಮಾಡಿ ಮನೆ ಸೇರೋದರೊಳಗೆ, ಅಂದ್ರೆ ಒಂದರಿಂದ ಆರು ಗಂಟೆಯೊಳಗೆ ವಾಂತಿ ಶುರುವಾದರೆ ಅನುಮಾನ ಪಡಬೇಕಾದ್ದರಲ್ಲಿ ಇದೂ ಒಂದು. ಸಾಮಾನ್ಯ ಲೆಕ್ಕ ಏನಂದ್ರೆ ಅಡಿಗೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿರಬೇಕು, ಇಲ್ಲ 5 ಡಿಗ್ರಿಗಿಂತ ತಣ್ಣಗಿರಬೇಕು. ನಡುವೆ ಹೆಚ್ಚು ಹೊತ್ತು ಇರಬಾರದು. ಹಬೆ ಏಳ್ತಿರೋ, ಬೆರಳಿಟ್ಟರೆ ಸುಡೋ ಅನ್ನ ಸರಿ. ಕೈಗೆ ಹಿತವಾಗಿ ಬೆಚ್ಚಗಿರೋ ಅನ್ನ ಅಪಾಯದ ಅನ್ನ. ಚಿತ್ರಾನ್ನ, ಪುಳಿಯೋಗರೆಗೆ ಅನ್ನ ಆರಿಸಲೇಬೇಕು. ಅದನ್ನ ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡಿ ಬೇಗ ಆರಿಸಿ, ಕಲಸಿ ಬೇಗ ಬಡಿಸಬೇಕು. ಕೊಪ್ಪರಿಗೆಯಲ್ಲೇ ರಾಶಿ ಬಿಟ್ಟರೆ ಮೇಲೆ ಆರಿ ನಡುವೆ ಗಂಟೆಗಟ್ಟಲೆ ಬೆಚ್ಚಗೇ ಉಳಿಯುತ್ತೆ.

ಹೊಸ ಮನೆಯ ಸಂಪು, ಟೆರೇಸು

ಅಡಿಗೆ ಮನೆ ಹತ್ತಿರವೇ ಆಗಲಿ, ಬಿಸಿಯಾಗಿ ಬಡಿಸಬಹುದು ಅಂತ ಯೋಚಿಸೋದು ಸರಿಯೇ. ಆದರೆ 30/40 ಸೈಟಿನ ಹೊಸ ಮನೆಗೆ ಅದರದೇ ತೊಂದರೆಗಳಿವೆ. ಸಂಪಿನಲ್ಲಿರೋ ನೀರು ಕ್ಯೂರಿಂಗ್‌ಗೆ ತುಂಬಿಸಿದ ಟ್ಯಾಂಕರ್ ನೀರು, ತಳದಲ್ಲಿ ಸಿಮೆಂಟ್ ಕೆಸರು. ಗೃಹಪ್ರವೇಶಕ್ಕೆ ನಾಲ್ಕು ದಿನ ಮುಂಚೆ ಸಂಪು, ಮೇಲಿನ ಟ್ಯಾಂಕು ಎರಡೂ ಖಾಲಿ ಮಾಡಿ ಉಜ್ಜಿಸಿ ಹೊಸ ನೀರು ತುಂಬಿಸದಿದ್ದರೆ ಅಡಿಗೆಯವರು ಅದೇ ನೀರಲ್ಲಿ ಅಕ್ಕಿ ತೊಳೀತಾರೆ. ಅವರನ್ನ ಬೈಯೋ ಹಾಗಿಲ್ಲ. ಕುಡಿಯೋದಕ್ಕೆ 20 ಲೀಟರ್ ಕ್ಯಾನ್ ಬೇರೆ ತರಿಸಬೇಕು. 150 ಜನಕ್ಕೆ ತಲಾ ಮುಕ್ಕಾಲು ಲೀಟರ್ ಅಂದ್ರೂ ಆರು ಕ್ಯಾನ್. ಅಡಿಗೆಯ ನೀರು ಇದರಲ್ಲಿ ಸೇರಿಲ್ಲ.

ಒಲೆ ಟೆರೇಸ್ ಮೇಲೆ ಇಟ್ಟರೆ ಕಾವಿಗೆ ಹೊಸ ಟೈಲ್ಸ್, ವಾಟರ್‌ಪ್ರೂಫಿಂಗ್ ಹಾಳಾಗಬಹುದು. ಕೆಳಗೆ ಇಟ್ಟಿಗೆ ಜೋಡಿಸಿ ತಗಡು ಹಾಸಿಸಿ. ಸಿಲಿಂಡರ್ ನೀಲಿ ಬಣ್ಣದ 19 ಕೆಜಿಯ ಕಮರ್ಷಿಯಲ್ ಆಗಿರಬೇಕು. ಕೆಂಪು ಸಿಲಿಂಡರ್ ಮನೆ ಬಳಕೆಗೆ ಮಾತ್ರ. ಮೆಟ್ಟಿಲ ಕೆಳಗೆ, ಮುಚ್ಚಿದ ರೂಮಲ್ಲಿ ಇಡಿಸಬೇಡಿ. ಗಂಜಿ, ಎಣ್ಣೆ, ಎಲೆ ಮೇಲಿನ ಅನ್ನ ಎಲ್ಲಾ ಹೊಸ ಚೇಂಬರ್‌ಗೆ ಸುರಿದರೆ ಮನೆಗೆ ಬಂದ ವಾರದಲ್ಲೇ ಬ್ಲಾಕ್ ಆಗುತ್ತೆ. ಇದನ್ನ ಮುಂಚೆಯೇ ಹೇಳಿ, ಒಂದು ಡ್ರಮ್ ಇಡಿಸಿ.

ಮುಂದೆ ಊಟದ ಪಂಕ್ತಿ ಲೆಕ್ಕ. ಟೆರೇಸ್ ಮೇಲೆ ಶಾಮಿಯಾನ ಹಾಕಿ ಒಂದು ಸಲಕ್ಕೆ 40 ಎಲೆ ಹಾಕಬಹುದು ಅಂದುಕೊಳ್ಳಿ. 150 ಜನಕ್ಕೆ ನಾಲ್ಕು ಪಂಕ್ತಿ. ಊಟಕ್ಕೆ 35 ನಿಮಿಷ, ಎಲೆ ಎತ್ತಿ ಒರೆಸೋಕೆ ಹತ್ತು ನಿಮಿಷ, ಒಟ್ಟು ಪಂಕ್ತಿಗೆ ಮುಕ್ಕಾಲು ಗಂಟೆ. ಹನ್ನೆರಡೂವರೆಗೆ ಶುರುವಾದರೆ ನಾಲ್ಕನೇ ಪಂಕ್ತಿ ಕೂರೋದು ಎರಡೂಮುಕ್ಕಾಲಿಗೆ, ಏಳೋದು ಮೂರೂವರೆಗೆ. ಈ ಲೆಕ್ಕ ಕೇಟರಿಂಗ್‌ನವರ ಎದುರಿಗೇ ಹಾಕಿ. ಹಾಗೆ ಮಾಡಿದಾಗ ಅನ್ನ ಎರಡು ಸಲ ಆಗಬೇಕು ಅನ್ನೋದು ಅವರಿಗೂ ಗೊತ್ತಾಗುತ್ತೆ: ಮೊದಲ ಎರಡು ಪಂಕ್ತಿಗೆ ಹನ್ನೆರಡಕ್ಕೆ ಇಳಿಸಿದ್ದು, ಮಿಕ್ಕ ಎರಡಕ್ಕೆ ಒಂದೂವರೆಗೆ ಇಳಿಸಿದ್ದು. ಹುಳಿ, ಸಾರು ದೂರದ ಅಡಿಗೆಮನೆಯಲ್ಲೇ ಮಾಡಿ ತರಲಿ, ಪರವಾಗಿಲ್ಲ. ಇಲ್ಲಿ ಒಂದು ಒಲೆ ಮೇಲೆ ಮತ್ತೆ ಕುದಿ ಬರಿಸಿ ಬಡಿಸಲಿ. ಅನ್ನ ಮಾತ್ರ ಇಲ್ಲೇ ಆಗಲಿ. ಹೀಗೆ ಅರ್ಧ ಅಲ್ಲಿ, ಅರ್ಧ ಇಲ್ಲಿ ಮಾಡೋಕೆ ಒಪ್ಪದವರಿಗೆ ಆ ದಿನ ಆರ್ಡರ್ ಜಾಸ್ತಿ ಇದೆ ಅಂತಲೇ ಅರ್ಥ.

ಬರಹ: ಬಿಳಿ ಹಾಳೆ ಸಾಕು

‘ನಂಬಿಕೆ ಮೇಲೆ ನಡೀತಿದೆ ಸಾರ್, ಬರಿಯೋದೆಲ್ಲಾ ಏನಕ್ಕೆ’ ಅನ್ನೋ ಮಾತು ಬರುತ್ತೆ. ಬಾಯಿಮಾತಿನ ಒಪ್ಪಂದವೂ ಕಾನೂನಿಗೆ ಒಪ್ಪಂದವೇ, ಆದರೆ ಜಗಳ ಬಂದಾಗ ಯಾರು ಏನು ಹೇಳಿದರು ಅಂತ ತೋರಿಸೋದು ಕಷ್ಟ. ಸ್ಟ್ಯಾಂಪ್ ಪೇಪರ್ ಹುಡುಕಬೇಕಿಲ್ಲ. ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ, ಫೋಟೋ ತೆಗೆದು ಇಬ್ಬರ ವಾಟ್ಸ್‌ಆ್ಯಪ್‌ನಲ್ಲೂ ಇಟ್ಟರೆ ಸಾಕು.

ಹಾಳೆಯಲ್ಲಿ ಐಟಂ ಹೆಸರು ಮಾತ್ರ ಬರೆದರೆ ಪ್ರಯೋಜನ ಇಲ್ಲ. ‘ಹೋಳಿಗೆ’ ಅಂತ ಬರೆದರೆ ಬೇಳೆ ಹೋಳಿಗೆಯೋ ಕಾಯಿ ಹೋಳಿಗೆಯೋ, ಮೇಲೆ ತುಪ್ಪವೋ ಡಾಲ್ಡಾವೋ, ಎಲೆಗೆ ಒಂದೋ ಕೇಳಿದಷ್ಟೋ ಅನ್ನೋದೆಲ್ಲಾ ಬಡಿಸೋ ಹೊತ್ತಿಗೆ ತೀರ್ಮಾನ ಆಗುತ್ತೆ. ಪೂಜೆ ಮುಗಿಯೋ ತನಕ ಈರುಳ್ಳಿ, ಬೆಳ್ಳುಳ್ಳಿ ಇರಬಾರದು ಅನ್ನೋ ಮನೆಯವರು ಅದು ತಿಂಡಿಯ ಸಾಂಬಾರಿಗೂ ಅನ್ವಯ ಅಂತ ಬರೆಸಬೇಕು. ಎಷ್ಟೋ ಕಡೆ ಮಾತು ಬರೋದು ಅಲ್ಲೇ. ಸತ್ಯನಾರಾಯಣ ಪೂಜೆಯ ಸಪಾದ ಭಕ್ಷ್ಯವನ್ನ ಪುರೋಹಿತರ ಕಡೆಯವರು ಮಾಡ್ತಾರಾ, ಅಡಿಗೆಯವರು ಮಾಡ್ತಾರಾ, ಮಡಿಯಲ್ಲಿ ಆಗಬೇಕಾ, ರವೆ ತುಪ್ಪ ಯಾರು ತರಬೇಕು ಅನ್ನೋದೂ ಬರಹಕ್ಕೆ ಬರಲಿ.

ಬರೆಯೋ ರೀತಿ ಹೀಗಿದ್ದರೆ ಸಾಕು:

“ದಿನಾಂಕ ____ ಗೃಹಪ್ರವೇಶ. ತಿಂಡಿ 60 ಜನಕ್ಕೆ, 7.45ಕ್ಕೆ ಸಿದ್ಧ. ಊಟ 150 ಎಲೆಗೆ, 12.15ಕ್ಕೆ ಸಿದ್ಧ. ಕನಿಷ್ಠ 140 ಎಲೆಯ ಹಣ ಖಚಿತ. 165 ಎಲೆಯ ತನಕ ಅಡಿಗೆ ಇರಬೇಕು, ಎಲ್ಲಾ ಐಟಂ ಕೊನೆ ಪಂಕ್ತಿಗೂ ಬರಬೇಕು. ಕೊನೆಯ ಲೆಕ್ಕ ಮೂರು ದಿನ ಮುಂಚೆ ತಿಳಿಸುವುದು. ಅನ್ನ ಮನೆಯ ಬಳಿಯೇ ಎರಡು ಸಲ ಮಾಡುವುದು. ಹುಳಿ, ಸಾರು ಬಡಿಸುವ ಮುಂಚೆ ಕುದಿಸುವುದು. ಮೊಸರನ್ನ, ಕೋಸಂಬರಿ ಆಯಾ ಪಂಕ್ತಿಗೆ ಕಲಸುವುದು. ಅಡಿಗೆ ಮಾಡುವವರು ____, ಬಡಿಸುವವರು 6 ಜನ. ಈ ಕೆಲಸವನ್ನು ಬೇರೆಯವರಿಗೆ ವಹಿಸುವಂತಿಲ್ಲ. ಅಡಿಗೆಯವರ, ಬಡಿಸುವವರ ಊಟ ಎಲೆ ಲೆಕ್ಕಕ್ಕೆ ಸೇರುವುದಿಲ್ಲ. ಪುರೋಹಿತರು, ವಾಲಗದವರು, ಫೋಟೋದವರು ಲೆಕ್ಕಕ್ಕೆ ಸೇರುತ್ತಾರೆ. ಉಳಿದ ಅಡಿಗೆ ಮನೆಯವರದು. ಎಲೆ, ಕಸ ತೆಗೆದು ಜಾಗ ತೊಳೆದು ಕೊಡುವುದು.”

ಇದರ ಕೆಳಗೆ ಮೆನು, ದರ, ಅಡ್ವಾನ್ಸ್, ಜಿಎಸ್‌ಟಿ. ಹೊರಾಂಗಣ ಕೇಟರಿಂಗ್‌ಗೆ ಸಾಮಾನ್ಯವಾಗಿ ಜಿಎಸ್‌ಟಿ ಶೇ 5. ಅದನ್ನ ಕೇಳೋರು ಜಿಎಸ್‌ಟಿ ನಂಬರ್ ಇರೋ ಬಿಲ್ ಕೊಡಬೇಕು. ಕಾಂಪೊಸಿಷನ್ ಸ್ಕೀಮ್‌ನಲ್ಲಿರೋರು ಗಿರಾಕಿಯಿಂದ ತೆರಿಗೆ ವಸೂಲಿ ಮಾಡೋ ಹಾಗಿಲ್ಲ. ಬಿಲ್ ಇಲ್ಲದೆ ‘ಜಿಎಸ್‌ಟಿ ಎಕ್ಸ್‌ಟ್ರಾ’ ಅಂದರೆ ಕೊಡಬೇಕಿಲ್ಲ.

ಮುಂದೂಡೋ ಷರತ್ತು ಬರೆಯೋಕೆ ಜನ ಹಿಂಜರೀತಾರೆ, ಶುಭ ಕಾರ್ಯಕ್ಕೆ ಮುಂಚೆ ಅಂಥ ಮಾತು ಯಾಕೆ ಅಂತ. ಆದರೆ ಸೂತಕ ಬಂದರೆ ಗೃಹಪ್ರವೇಶ ನಿಲ್ಲುತ್ತೆ. ಬಡಗಿ, ಟೈಲ್ಸ್‌ನವರು ಕೈ ಕೊಟ್ಟರೂ ನಿಲ್ಲುತ್ತೆ. ಕೊಡಿಗೇಹಳ್ಳಿಯಲ್ಲಿ ಮನೆ ಕಟ್ಟಿದವರಿಗೆ ಎರಡನೇದು ಗೊತ್ತಿರದೆ ಇರಲ್ಲ. ಸಾಮಾನು ಖರೀದಿಗೆ ಮುಂಚೆ, ಅಂದ್ರೆ ಮೂರು ದಿನ ಮುಂಚೆ ತಿಳಿಸಿದರೆ ಅಡ್ವಾನ್ಸ್ ಮುಂದಿನ ಮುಹೂರ್ತಕ್ಕೆ ವರ್ಗ. ಆಮೇಲೆ ತಿಳಿಸಿದರೆ ಆಗಿರೋ ಖರ್ಚು ಮಾತ್ರ ಮುರಿದುಕೊಳ್ಳೋದು. ಹೀಗೆ ಬರೆದರೆ ಇಬ್ಬರಿಗೂ ನ್ಯಾಯ.

ಕೇಟರಿಂಗ್ ಗುತ್ತಿಗೆ ಬೇಡ, ಭಟ್ಟರನ್ನ ಕರೆಸಿ ಸಾಮಾನು ನಾವೇ ತರ್ತೀವಿ ಅನ್ನೋರೂ ಇದ್ದಾರೆ. ಅಂಥವರಿಗೆ ಭಟ್ಟರು ಕೊಡೋ ಸಾಮಾನು ಪಟ್ಟಿಯೇ ಒಪ್ಪಂದ. 150 ಜನದ ಊಟಕ್ಕೆ ಅಕ್ಕಿ 15ರಿಂದ 18 ಕೆಜಿ, ಹುಳಿ ಸಾರಿಗೆ ತೊಗರಿಬೇಳೆ 4ರಿಂದ 5 ಕೆಜಿ, ಮೊಸರು 15 ಲೀಟರ್ ಸುತ್ತಮುತ್ತ ಬರುತ್ತೆ. ಪಟ್ಟಿ ಇದರ ಒಂದೂವರೆ ಪಟ್ಟು ಇದ್ದರೆ ಯಾಕೆ ಅಂತ ಕೇಳಿ. ಬಡಾವಣೆಯ ಪ್ರಾವಿಷನ್ ಅಂಗಡಿಯವರು ಒಡೆಯದ ಪ್ಯಾಕೆಟ್, ಚೀಲ ವಾಪಸ್ ತಗೊಳ್ತೀವಿ ಅಂತ ಪಟ್ಟಿಯ ಮೇಲೆಯೇ ಬರೆದುಕೊಟ್ಟರೆ ಎರಡೂ ಕಡೆಗೆ ಒಳ್ಳೇದು. ಗಿರಾಕಿ ಧೈರ್ಯವಾಗಿ ಒಂದೇ ಅಂಗಡಿಗೆ ಪೂರ್ತಿ ಪಟ್ಟಿ ಕೊಡ್ತಾರೆ.

ಎಲೆ ಎಣಿಸೋ ಲೆಕ್ಕ

ಬರಹ ಇದ್ದರೆ ಏನು ವ್ಯತ್ಯಾಸ ಅಂತ ಒಂದು ಲೆಕ್ಕ ನೋಡಿ. ದರ ಉದಾಹರಣೆಗೆ ಮಾತ್ರ: ಊಟಕ್ಕೆ ಎಲೆಗೆ 350 ರೂಪಾಯಿ, ತಿಂಡಿಗೆ 120. ಬೆಳಗ್ಗೆ ಬಾಳೆಎಲೆ ಕಟ್ಟು ಬಿಚ್ಚಿದಾಗ ಮನೆಯವರಲ್ಲಿ ಒಬ್ಬರು ನಿಂತು ಎಣಿಸಿದರು, 180 ಎಲೆ. ಊಟ ಮುಗಿದಾಗ ಉಳಿದದ್ದು 21. ಕೇಟರಿಂಗ್‌ನವರು 159 ಎಲೆಗೆ ಬಿಲ್ ಹಾಕಿದರು, 55,650 ರೂಪಾಯಿ. ಆದರೆ ಅದರಲ್ಲಿ 5 ಎಲೆ ಹರಿದು ಬಿಸಾಕಿದ್ದು, 12 ಎಲೆ ಅಡಿಗೆಯವರು, ಬಡಿಸೋರು ಊಟ ಮಾಡಿದ್ದು. ಬರಹದ ಪ್ರಕಾರ ಲೆಕ್ಕಕ್ಕೆ ಬರೋದು 142 ಎಲೆ, 49,700 ರೂಪಾಯಿ. ವ್ಯತ್ಯಾಸ 5,950. ತಿಂಡಿಯ 7,200 ಸೇರಿ 56,900, ಜಿಎಸ್‌ಟಿ 2,845, ಒಟ್ಟು 59,745. ಅಡ್ವಾನ್ಸ್ 15,000 ಕೊಟ್ಟಿದ್ದರೆ ಬಾಕಿ 44,745. ಬಂದವರು 130 ಮಾತ್ರ ಆಗಿದ್ದರೂ 140ಕ್ಕೆ ಹಣ ಕೊಡಬೇಕಿತ್ತು. ಅಷ್ಟು ಜನಕ್ಕೆ ಅಡಿಗೆ ಮಾಡಿದವರಿಗೆ ಅದು ನ್ಯಾಯವೇ.

ಎಲೆ ಎಣಿಸೋದು ಕಂಜೂಸ್‌ತನ ಅಂತ ಅನ್ನಿಸಬಹುದು. ಅನುಭವಸ್ಥ ಭಟ್ಟರು ಮಾತ್ರ ಕಟ್ಟು ಬಿಚ್ಚೋ ಮುಂಚೆ ತಾವೇ ‘ಅಮ್ಮಾ, ಎಣಿಸ್ಕೊಳ್ಳಿ’ ಅಂತಾರೆ.

ಬಾಳೆಎಲೆ ಕೆ.ಆರ್. ಮಾರ್ಕೆಟ್‌ನಿಂದ ಬರಲಿ, ಯಲಹಂಕ ಸಂತೆಯಿಂದ ಬರಲಿ, ಹಿಂದಿನ ಸಂಜೆಯೇ ತರಿಸಿ ಒದ್ದೆ ಬಟ್ಟೆ ಸುತ್ತಿಡಿ. ಎಲೆ ಸಿಗಲಿಲ್ಲ ಅಂತ ಪ್ಲಾಸ್ಟಿಕ್ ತಟ್ಟೆ, ಲೋಟ ತಂದರೆ ಒಪ್ಪಬೇಡಿ. ರಾಜ್ಯದಲ್ಲಿ 2016ರಿಂದಲೂ ಅವುಗಳಿಗೆ ನಿಷೇಧ ಇದೆ, ಊಟದ ಟೇಬಲ್ ಮೇಲೆ ಹಾಸೋ ಪ್ಲಾಸ್ಟಿಕ್ ಹಾಳೆಗೂ ಸಹ. ಟೇಬಲ್‌ಗೆ ಪೇಪರ್ ರೋಲ್ ಸಿಗುತ್ತೆ.

ಆ ದಿನ ಒಬ್ಬರು ಬೇಕು

ಯಜಮಾನ ದಂಪತಿ ಹೋಮಕ್ಕೆ ಕೂತಿರ್ತಾರೆ, ಅಡಿಗೆ ಕಡೆ ನೋಡೋಕೆ ಆಗಲ್ಲ. ಭಾವನೋ, ಅಕ್ಕನೋ, ಪಕ್ಕದ ಮನೆಯವರೋ ಒಬ್ಬರನ್ನ ಅಡಿಗೆ ಉಸ್ತುವಾರಿಗೆ ಅಂತಲೇ ಬಿಡಿ. ಬರಹದ ಹಾಳೆ ಅವರ ಜೇಬಲ್ಲಿರಲಿ. ಅವರ ಕೆಲಸ ನಾಲ್ಕೇ: ಟೆಂಪೋ ಬಂದಾಗ ಪಾತ್ರೆ ಮುಚ್ಚಳ ತೆಗೆಸಿ ಬಿಸಿ ನೋಡೋದು, ಎಲೆ ಎಣಿಸೋದು, ಎರಡನೇ ಸಲದ ಅನ್ನಕ್ಕೆ ಒಂದು ಗಂಟೆಗೆ ಎಸರು ಇಡಿಸೋದು, ಆಮೇಲೆ ಮಾದರಿ ಎತ್ತಿಡೋದು.

ಮಾದರಿ ಅಂದ್ರೆ ಬಡಿಸೋ ಮುಂಚೆ ಪ್ರತಿ ಐಟಂನಿಂದಲೂ ಒಂದು ಸಣ್ಣ ಬಟ್ಟಲಿನಷ್ಟು ತೊಳೆದು ಒಣಗಿಸಿದ ಡಬ್ಬಿಗೆ ಹಾಕಿ, ಹೆಸರು, ಹೊತ್ತು ಬರೆದು ಫ್ರಿಜ್‌ನಲ್ಲಿ ಮೂರು ದಿನ ಇಡೋದು. ಹೊಸ ಮನೆಗೆ ಫ್ರಿಜ್ ಬಂದಿಲ್ಲ ಅಂದ್ರೆ ಪಕ್ಕದ ಮನೆಯವರದ್ದು. ನೆಂಟರಲ್ಲಿ ನಾಲ್ಕೈದು ಜನಕ್ಕೆ ಒಟ್ಟಿಗೆ ವಾಂತಿ, ಭೇದಿ ಶುರುವಾದರೆ ಮೊದಲು ಓಆರ್‌ಎಸ್ ಕುಡಿಸಿ ಡಾಕ್ಟರ್ ಹತ್ತಿರ ಕಳಿಸಿ. ಮಕ್ಕಳು, ವಯಸ್ಸಾದವರಿದ್ದರೆ ತಡ ಮಾಡಬೇಡಿ. ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡುವಾಗ ಈ ಡಬ್ಬಿಗಳೇ ಸಾಕ್ಷಿ. ಕೇಟರಿಂಗ್‌ನವರ ತಪ್ಪಿಲ್ಲದಿದ್ದರೆ ಅದನ್ನ ತೋರಿಸೋದೂ ಇವೇ. ಹಣದ ವಿಷಯಕ್ಕೆ, ಒಪ್ಪಿದ ಐಟಂ ಕೊಡದೇ ಹೋದದ್ದಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಎರಡೂ ಕಡೆ ಮೊದಲು ಕೇಳೋದು ಬಿಲ್ ಮತ್ತು ಸಹಿ ಹಾಕಿದ ಹಾಳೆ.

ಬಾಕಿ ಹಣ ಊಟ ಮುಗಿದ ಮೇಲೆ, ಜಾಗ ತೊಳೆದು ಪಾತ್ರೆ ಲೆಕ್ಕ ಕೊಟ್ಟ ಮೇಲೆ ಕೊಡಿ. ಆದರೆ ಅದೇ ಸಂಜೆ ಕೊಡಿ, ನಾಳೆ ಬನ್ನಿ ಅನ್ನಬೇಡಿ. ಬಡಿಸಿದ ಹುಡುಗರಿಗೆ ಕೂಲಿ ಹೋಗೋದು ಆ ಹಣದಿಂದಲೇ.